ದಾಖಲೆಯ ಯೂನಿಟ್‌ಗಳಿಗೂ ಬಿಲ್ಲಿನ ಮೊತ್ತಕ್ಕೂ ಏಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: ನಾವು ಬಳಸುವ ಸೇವೆಯ ದರಪಟ್ಟಿಯಲ್ಲಿ ತಿಂಗಳ ಮೊದಲ 1,000 ಯೂನಿಟ್‌ಗೆ ತಲಾ 0.50, ಮುಂದಿನ 9,000ಕ್ಕೆ 0.40, ಅದಕ್ಕೂ ಮೀರಿದ್ದಕ್ಕೆ 0.30 ಎಂದಿದೆ. ಕಚ್ಚಾ ದಾಖಲೆಗಳನ್ನು ಕೂಡಿದರೆ 10,400 ಯೂನಿಟ್ ಆಗುತ್ತದೆ; 0.30ರಂತೆ 3,120 ಬರಬೇಕು. ಬಿಲ್ಲಿನಲ್ಲಿ 4,178 ಬಂದಿರುವುದೇಕೆ?

ಉತ್ತರ: ಬಿಲ್ಲು ಸರಿಯಾಗಿಯೇ ಇದೆ ಎಂದು ತೋರುತ್ತದೆ. ಮೊದಲ ವ್ಯತ್ಯಾಸ ಯೂನಿಟ್‌ಗಳ ಎಣಿಕೆಯಲ್ಲೇ ಇದೆ. ಮೀಟರ್ ಕಳುಹಿಸಿದ ದಾಖಲೆ ತಲುಪಿತೆಂಬ ಉತ್ತರ ಬಾರದಿದ್ದರೆ ಅದು ಅದೇ ದಾಖಲೆಯನ್ನು ಮತ್ತೆ ಕಳುಹಿಸುತ್ತದೆ. ಆದ್ದರಿಂದ ಪ್ರತಿ ದಾಖಲೆಗೂ ಒಂದು ವಿಶಿಷ್ಟ ಗುರುತುಸಂಖ್ಯೆಯಿದ್ದು, ಅದೇ ಸಂಖ್ಯೆ ಎರಡನೆಯ ಬಾರಿ ಬಂದಾಗ ಕೈಬಿಡಲಾಗುತ್ತದೆ. ನಿಮ್ಮಲ್ಲಿ ಹೀಗೆ 150 ಯೂನಿಟ್ ಹೋಗಿವೆ ಎಂದುಕೊಳ್ಳಿ. ಇನ್ನು 50 ಯೂನಿಟ್‌ಗಳ ಬಳಕೆ ಹಿಂದಿನ ತಿಂಗಳ ಕೊನೆಯ ದಿನ ನಡೆದಿದ್ದು, ದಾಖಲೆ ಮಾತ್ರ ಈ ತಿಂಗಳು ಬಂದಿದೆ. ಬಳಕೆ ಯಾವ ತಿಂಗಳಿಗೆ ಸೇರಬೇಕೆಂಬುದನ್ನು ಅದು ನಡೆದ ಸಮಯ ನಿರ್ಧರಿಸಬೇಕೇ ಹೊರತು ದಾಖಲೆ ಬಂದ ಸಮಯವಲ್ಲ. ಉಳಿದದ್ದು 10,200.

ಇನ್ನು ದರ. ನಿಮ್ಮ ಪಟ್ಟಿಯಲ್ಲಿ ಪ್ರತಿ ಸ್ಲ್ಯಾಬಿನ ದರ ಆ ಸ್ಲ್ಯಾಬಿನೊಳಗೆ ಬಿದ್ದ ಯೂನಿಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ: ಮೊದಲ 1,000ಕ್ಕೆ 500, ಮುಂದಿನ 9,000ಕ್ಕೆ 3,600, ಉಳಿದ 200ಕ್ಕೆ 60, ಒಟ್ಟು 4,160. ತಲುಪಿದ ಸ್ಲ್ಯಾಬಿನ ದರವನ್ನೇ ಎಲ್ಲ ಯೂನಿಟ್‌ಗಳಿಗೂ ಹಾಕುವ ಪದ್ಧತಿಯೂ ಇದೆ, ನೀವು ಊಹಿಸಿದ್ದು ಅದನ್ನೇ. ಅದರಲ್ಲೊಂದು ವೈಚಿತ್ರ್ಯವಿದೆ: 10,000 ಯೂನಿಟ್ ಬಳಸಿದವರಿಗೆ 4,000 ಆದರೆ, ಒಂದು ಹೆಚ್ಚು ಬಳಸಿದವರಿಗೆ 3,000.30 ಮಾತ್ರ. ಎರಡರಲ್ಲಿ ಯಾವುದು ಜಾರಿಯಲ್ಲಿದೆ ಎಂಬುದನ್ನು ದರಪಟ್ಟಿಯ ಮಾತಿನಿಂದಲೇ ತಿಳಿಯಬೇಕು. ‘ಮುಂದಿನ 9,000ಕ್ಕೆ’ ಎಂಬಂಥ ಮಾತಿದ್ದರೆ ಅದು ಸಾಮಾನ್ಯವಾಗಿ ಮೊದಲನೆಯ ಪದ್ಧತಿ.

ಮಿಕ್ಕ 18 ಆ ತಡವಾದ 50 ಯೂನಿಟ್‌ಗಳದು. ಹಿಂದಿನ ಬಿಲ್ಲು ಆಗಲೇ ಮುಗಿದಿರುವುದರಿಂದ ಅದನ್ನು ತಿದ್ದದೆ, ಈ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸುತ್ತಾರೆ. ಆದರೆ ದರ ಹಿಂದಿನ ತಿಂಗಳದೇ. ಆಗ ನಿಮ್ಮ ಬಳಕೆ 9,970ಕ್ಕೆ ನಿಂತಿತ್ತೆಂದರೆ, ಇವುಗಳಲ್ಲಿ 30 ಯೂನಿಟ್‌ಗೆ 0.40ರಂತೆ 12, ಉಳಿದ 20ಕ್ಕೆ 0.30ರಂತೆ 6. ಈ ತಿಂಗಳ ಲೆಕ್ಕದಲ್ಲೇ ಬೆರೆಸಿದ್ದರೆ 15 ಮಾತ್ರ ಆಗುತ್ತಿತ್ತು.

ನಿಜವಾಗಿ ಅನುಮಾನಪಡಬೇಕಾದದ್ದು ಬೇರೆ ಕಡೆ. ಇಡೀ ತಿಂಗಳ ಮೊತ್ತಕ್ಕೆ ಹಾಕಬೇಕಾದ ಸ್ಲ್ಯಾಬನ್ನು ದಿನದ ಮೊತ್ತಕ್ಕೆ ಹಾಕಿದರೆ, ದಿನಕ್ಕೆ 340 ಯೂನಿಟ್ ಬಳಸುವವರು ಎಂದೂ ಮೊದಲ ಸ್ಲ್ಯಾಬ್ ದಾಟುವುದಿಲ್ಲ, ಬಿಲ್ಲು 5,100ಕ್ಕೆ ಏರುತ್ತದೆ. ಹೀಗಾಗಿ ತಿಂಗಳ ಬಳಕೆ 1,000 ದಾಟಿದ್ದರೂ ಬಿಲ್ಲಿನಲ್ಲಿ 0.50ರ ಸಾಲೊಂದೇ ಕಂಡರೆ, ಒಟ್ಟು ಎಣಿಕೆಯ ಅವಧಿ ಯಾವುದೆಂದು ಮೊದಲು ಕೇಳಿ.