ಕಾಯಿ ತುರಿಯಲ್ಲಿ ಕೊಬ್ಬೆಷ್ಟು? ಅಳತೆ ಸರಿಯಾಗಿ ಗೊತ್ತಿಲ್ಲದಾಗ ಲೆಕ್ಕ ಹಾಕುವ ಬಗೆ

ನಿನ್ನೆ ಏನೇನು ತಿಂದಿರಿ ಎಂದು ಮನೆಮನೆಯಲ್ಲಿ ಕೇಳಿ ಬರೆದುಕೊಳ್ಳುವ ಅಭ್ಯಾಸ ಮಾಡುತ್ತಿರುವವರಿಗಾಗಿ ಈ ಟಿಪ್ಪಣಿ. ಅಕ್ಕಿ, ಬೇಳೆ, ರಾಗಿಹಿಟ್ಟಿಗೆ ಪಾವು, ಸೇರು ಅಂತ ಏನಾದರೂ ಅಳತೆ ಸಿಗುತ್ತದೆ. ತೆಂಗಿನಕಾಯಿಗೆ ಬಂದಾಗ ತುಮಕೂರಿನ ಕಡೆ ಸಿಗುವ ಉತ್ತರ ಒಂದೇ: "ಒಂದು ಹೋಳು ತುರಿದು ಹಾಕ್ದೆ ಕಣಮ್ಮ." ಸಾರಿಗಾದರೆ "ಒಂದು ಹಿಡಿ ಕಾಯಿ." ಇಷ್ಟರಿಂದಲೇ ಕೊಬ್ಬಿನ ಅಂದಾಜು ತೆಗೆಯಬೇಕು.

ಮೊದಲು ಶೇಕಡಾವಾರಿನ ಗೊಂದಲ

ಹಸಿ ಕಾಯಿಗೆ ನಮ್ಮ ದೇಶದ ಆಹಾರ ಕೋಷ್ಟಕದಲ್ಲಿ 100 ಗ್ರಾಂಗೆ ಸುಮಾರು 41 ಗ್ರಾಂ ಕೊಬ್ಬು ಎಂದಿದೆ. ಅಮೆರಿಕದ ಕೋಷ್ಟಕದಲ್ಲಿ ಸುಮಾರು 33. ಒಣ ಕೊಬ್ಬರಿಗೆ 62ರ ಆಸುಪಾಸು. ಯಾವುದೋ ಒಂದು ತಪ್ಪಿರಬೇಕು ಅನ್ನಿಸುತ್ತದೆ, ಆದರೆ ಮೂರೂ ಸರಿಯೇ. ಪಕ್ಕದಲ್ಲೇ ಇರುವ ನೀರಿನ ಅಂಕಿಯನ್ನೂ ಓದಿದರೆ ಗೊತ್ತಾಗುತ್ತದೆ.

ಮೊದಲ ಕೋಷ್ಟಕದ ಕಾಯಿಯಲ್ಲಿ 100ಕ್ಕೆ 36 ಗ್ರಾಂ ನೀರು. ನೀರು ಕಳೆದರೆ ಉಳಿಯುವುದು 64 ಗ್ರಾಂ, ಅದರಲ್ಲಿ 41 ಕೊಬ್ಬು. ಎರಡನೆಯದರಲ್ಲಿ 47 ಗ್ರಾಂ ನೀರು. ಉಳಿಯುವ 53 ಗ್ರಾಂನಲ್ಲಿ 33 ಕೊಬ್ಬು. 41ನ್ನು 64ರಿಂದ, 33ನ್ನು 53ರಿಂದ ಭಾಗಿಸಿ ನೋಡಿ: ಎರಡೂ ಕಡೆ ನೂರಕ್ಕೆ 62ರಿಂದ 64 ಬರುತ್ತದೆ. ಕೊಬ್ಬರಿಯಲ್ಲಿ ನೀರು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಅದರ ಅಂಕಿಯೂ ಅಲ್ಲಿಗೇ ಬಂತು. ಅಂದರೆ ಬಲಿತ ಕಾಯಿಯ ಒಣ ಭಾಗದಲ್ಲಿ ಕೊಬ್ಬಿನ ಪಾಲು ಬಹುಮಟ್ಟಿಗೆ ಒಂದೇ. ಹೆಚ್ಚುಕಡಿಮೆ ಆಗುವುದು ನೀರು. ತಿಪಟೂರಿನ ಕೊಬ್ಬರಿ "ಕೊಬ್ಬು ಜಾಸ್ತಿ" ಅನ್ನಿಸುವುದೂ ಇದರಿಂದಲೇ. ಆ ಕಾಯಿಗೆ ಹೊಸದಾಗಿ ಕೊಬ್ಬು ಸೇರಿಲ್ಲ, ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ನೀರು ಹೋಗಿದೆ.

ಇದು ತಲೆಗೆ ಹತ್ತಿದರೆ ಇನ್ನೊಂದು ತಪ್ಪೂ ತಪ್ಪುತ್ತದೆ. ಮಸಾಲೆಗೆ ಕಾಯಿ ತುರಿಯನ್ನು ಕೆಂಪಗೆ ಹುರಿಯುತ್ತಾರಲ್ಲ, ಆಗ 90 ಗ್ರಾಂ ತುರಿ 65–70 ಗ್ರಾಂಗೆ ಇಳಿಯಬಹುದು. ಹುರಿದ ಮೇಲೆ ತೂಗಿ ಹಸಿ ಕಾಯಿಯ ಅಂಕಿಯಿಂದ ಗುಣಿಸಿದರೆ ಕೊಬ್ಬು ಕಡಿಮೆ ಬರುತ್ತದೆ. ಬಾಣಲೆಗೆ ಹಾಕುವ ಮುಂಚಿನ ತೂಕವನ್ನೇ ಹಿಡಿಯಿರಿ. ಚಟ್ನಿಗೆ ನೀರು ಸೇರಿಸಿದಾಗಲೂ ಹಾಗೆಯೇ, ಪಾತ್ರೆಯ ಒಟ್ಟು ಕೊಬ್ಬು ಬದಲಾಗುವುದಿಲ್ಲ, ಸೌಟಿಗೆ ಬರುವ ಪಾಲು ಮಾತ್ರ ತೆಳುವಾಗುತ್ತದೆ.

ಲೆಕ್ಕಕ್ಕೆ ಹಸಿ ತುರಿಗೆ 33ಕ್ಕೂ 41ಕ್ಕೂ ನಡುವಿನ 37 ಇಟ್ಟುಕೊಳ್ಳುತ್ತೇನೆ, ಕೊಬ್ಬರಿಗೆ 62. ಗಂಜಿಯಂತಿರುವ ಎಳೆ ಕಾಯಿಗೆ ಇದನ್ನು ಹಚ್ಚಬೇಡಿ. ಅದರಲ್ಲಿ ಕೊಬ್ಬು ಇನ್ನೂ ಕೂಡಿರುವುದಿಲ್ಲ.

ತೂಕ: ನಿಜವಾದ ತೊಂದರೆ ಇಲ್ಲಿದೆ

33ಕ್ಕೂ 41ಕ್ಕೂ ಇರುವ ಅಂತರ ನೂರಕ್ಕೆ ಇಪ್ಪತ್ತೈದರಷ್ಟು. ಹೋಳಿನ ತೂಕ ಇದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಸುಲಿದ ಮಧ್ಯಮ ಕಾಯಿ ಅರ್ಧ ಕೆಜಿ ತೂಗಿದರೆ ಅದರಲ್ಲಿ ತಿರುಳು ಅರ್ಧಕ್ಕಿಂತ ಕಡಿಮೆ, 200 ಗ್ರಾಂ ಚಿಲ್ಲರೆ. ಉಳಿದದ್ದು ಚಿಪ್ಪು ಮತ್ತು ಕಾಯಿಯೊಳಗಿನ ನೀರು. ಹೋಳಿಗೆ ಸುಮಾರು 100 ಗ್ರಾಂ ತಿರುಳು. ತುರಿಮಣೆಯಲ್ಲಿ ತುರಿದಾಗ ಚಿಪ್ಪಿಗೆ ಅಂಟಿ ಸ್ವಲ್ಪ ಉಳಿಯುತ್ತದೆ, ಆದ್ದರಿಂದ 90 ಎಂದಿಟ್ಟುಕೊಳ್ಳಿ. ಸಣ್ಣ ಕಾಯಿಯಾದರೆ 75, ದೊಡ್ಡದಾದರೆ 110. ಕಾಯಿ ಒಡೆದಾಗ ಎರಡು ಹೋಳೂ ಸಮ ಇರುವುದಿಲ್ಲ, ಕಣ್ಣಿರುವ ಕಡೆಯದು ದೊಡ್ಡದೋ ಚಿಕ್ಕದೋ ಅಂತ ಕೇಳಿಕೊಳ್ಳಿ.

ಬಟ್ಟಲಿನ ಅಳತೆಯನ್ನು ನಂಬಬೇಡಿ. 240 ಮಿಲಿ ಬಟ್ಟಲಿಗೆ ತುರಿಯನ್ನು ಉದುರುದುರಾಗಿ ಹಾಕಿದರೆ 80 ಗ್ರಾಂ, ಬೆರಳಿನಿಂದ ಒತ್ತಿ ತುಂಬಿದರೆ 120ರ ಮೇಲೆ. ಬಟ್ಟಲು ಒಂದೇ, ಕೊಬ್ಬು ಒಂದೂವರೆ ಪಟ್ಟು. ತಕ್ಕಡಿ ಇದ್ದರೆ ಬಹಳ ಸುಲಭದ ಉಪಾಯವಿದೆ: ತುರಿಯುವ ಮುಂಚೆ ಹೋಳನ್ನು ಚಿಪ್ಪಿನ ಸಮೇತ ತೂಗಿ, ತುರಿದ ಮೇಲೆ ಚಿಪ್ಪನ್ನು ತೂಗಿ. ಎರಡರ ವ್ಯತ್ಯಾಸವೇ ತುರಿ. ತಟ್ಟೆಯಲ್ಲಿ ಅಂಟಿದ್ದು, ಮಿಕ್ಸಿ ಜಾರಿನಲ್ಲಿ ಬಿದ್ದದ್ದು ಯಾವುದೂ ಕೈಬಿಡುವುದಿಲ್ಲ. ತಕ್ಕಡಿ ಇಲ್ಲದಿದ್ದರೆ "ಎಷ್ಟು ಹಾಕಿದಿರಿ" ಅನ್ನುವ ಬದಲು "ಚಿಪ್ಪಲ್ಲಿ ಎಷ್ಟು ಉಳಿಸಿದ್ರಿ ಅಕ್ಕಾ?" ಅಂತ ಕೇಳಿ. ಫ್ರಿಜ್‌ನಲ್ಲಿರುವ ಉಳಿದ ಕಾಯಿಯನ್ನು ತೋರಿಸುತ್ತಾರೆ, ಬಾಯಿಲೆಕ್ಕಕ್ಕಿಂತ ಅದು ವಾಸಿ.

ಒಂದು ಚಟ್ನಿಯ ಲೆಕ್ಕ

ತಟ್ಟೆ ಇಡ್ಲಿಗೆ ಮಾಡಿದ ಚಟ್ನಿ: ಒಂದು ಹೋಳು ಕಾಯಿ, ಒಂದು ಹಿಡಿ ಹುರಿಗಡಲೆ (30 ಗ್ರಾಂ), ಹಸಿಮೆಣಸಿನಕಾಯಿ, ಕೊತ್ತಂಬರಿ, ಒಂದು ಲೋಟ ನೀರು, ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ.

ಕಾಯಿ 90 ಗ್ರಾಂ, ಅದರಿಂದ 33 ಗ್ರಾಂ ಕೊಬ್ಬು. ಹುರಿಗಡಲೆಯಿಂದ 2 ಗ್ರಾಂ ಬಂದರೆ ಹೆಚ್ಚು. ಎಣ್ಣೆ ಚಮಚಕ್ಕೆ ನಾಲ್ಕೂವರೆಯಂತೆ 9. ಒಟ್ಟು 44 ಗ್ರಾಂ. ಚಟ್ನಿಯ ತೂಕ ಸುಮಾರು 350 ಗ್ರಾಂ, 25 ಗ್ರಾಂ ಹಿಡಿಯುವ ಚಿಕ್ಕ ಸೌಟಿನಲ್ಲಿ 14 ಸೌಟು. ಸೌಟಿಗೆ 3 ಗ್ರಾಂ ಕೊಬ್ಬು.

ಈಗ ಹೋಳು ಸಣ್ಣದು, ಕಾಯಲ್ಲಿ ನೀರು ಜಾಸ್ತಿ ಅಂತಿಟ್ಟುಕೊಂಡರೆ ಕಾಯಿಯ ಕೊಬ್ಬು 75ಕ್ಕೆ 25. ದೊಡ್ಡದು, ಚೆನ್ನಾಗಿ ಬಲಿತದ್ದು ಅಂದರೆ 110ಕ್ಕೆ 45. ಸೌಟಿಗೆ ಎರಡೂವರೆಯಿಂದ 4 ಗ್ರಾಂವರೆಗೆ ಹರಡುತ್ತದೆ. ಪುಸ್ತಕದಲ್ಲಿ "3.14" ಎಂದು ಬರೆಯಬೇಡಿ. "3, ಎರಡೂವರೆಯಿಂದ 4" ಎಂದು ಬರೆಯಿರಿ, ಮುಂದೆ ಓದುವವರಿಗೆ ಅಳತೆ ಎಷ್ಟು ಗಟ್ಟಿ ಅನ್ನುವುದೂ ಅದರಲ್ಲೇ ಸಿಗುತ್ತದೆ.

ಸಾರಿನಲ್ಲಿ ಲೆಕ್ಕ ತಿರುಗುತ್ತದೆ

ಆರು ಜನರ ಬಸ್ಸಾರಿಗೆ ಒಂದು ಹಿಡಿ ತುರಿ ರುಬ್ಬಿ ಹಾಕಿದರೆ 25 ಗ್ರಾಂ, ಕೊಬ್ಬು 9. ತಲೆಗೆ ಒಂದೂವರೆ ಗ್ರಾಂ. ಹಿಡಿ ದೊಡ್ಡದಾಗಿ 50 ಗ್ರಾಂ ಆಗಿದ್ದರೂ ತಲೆಗೆ 3ರ ಆಸುಪಾಸು ಅಷ್ಟೆ. ಒಗ್ಗರಣೆಯ ಮೂರು ಚಮಚ ಎಣ್ಣೆಯೇ ಹದಿಮೂರೂವರೆ ಗ್ರಾಂ ಆಯಿತು. ಇಲ್ಲಿ ಹಿಡಿಯ ಬಗ್ಗೆ ಹತ್ತು ಪ್ರಶ್ನೆ ಕೇಳುವುದಕ್ಕಿಂತ ಎಣ್ಣೆ ಬಗ್ಗೆ ಎರಡು ಪ್ರಶ್ನೆ ಕೇಳಿ. ಪೂರ್ತಿ ಹೋಳು ರುಬ್ಬುವ ಸಾಗು, ಮಾಂಸದ ಸಾರಾದರೆ ಮಾತ್ರ ಮತ್ತೆ ಚಟ್ನಿಯ ಎಚ್ಚರ ಬೇಕು. ಸಾರಿನ ಮೇಲೆ ಎಣ್ಣೆ ತೇಲಿದರೆ ಅದನ್ನು ಬೇರೆಯಾಗಿ ಕೂಡಿಸಬೇಡಿ, ಒಗ್ಗರಣೆಯದೂ ಕಾಯಿಯದೂ ಬಿಟ್ಟುಕೊಂಡದ್ದು ಅಷ್ಟೆ. ಕಾಯಿಹಾಲು ಹಿಂಡಿ ಗಸಿ ಎಸೆದಿದ್ದರೆ ಮಾತ್ರ ಗಸಿಯ ಜೊತೆ ಕೊಬ್ಬಿನ ಒಂದು ಪಾಲು ಹೊರಗೆ ಹೋಗಿರುತ್ತದೆ.

ಕೊನೆಗೊಂದು ತಾಳೆ

ನನಗೆ ತುಂಬ ಹಿಡಿಸಿದ ದಾರಿ ಇದು: "ತಿಂಗಳಿಗೆ ಎಷ್ಟು ಕಾಯಿ ಖರ್ಚಾಗುತ್ತೆ?" ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ, ಏಕೆಂದರೆ ಕಾಯಿ ಎಣಿಸಿ ಕೊಳ್ಳುತ್ತಾರೆ, ಇಲ್ಲವೇ ತೋಟದಿಂದ ಎಣಿಸಿ ತರುತ್ತಾರೆ. ನಾಲ್ಕು ಜನರ ಮನೆಯಲ್ಲಿ 20 ಕಾಯಿ ಅಂದರೆ 4 ಕೆಜಿ ತಿರುಳು, ದಿನಕ್ಕೆ ತಲೆಗೆ 33 ಗ್ರಾಂ, ಕೊಬ್ಬು ಸುಮಾರು 12 ಗ್ರಾಂ. ದೇವರಿಗೆ ಒಡೆದು ಹಂಚಿದ್ದು, ಹಬ್ಬಕ್ಕೆ ಕಾಯಿ ಹೋಳಿಗೆ ಮಾಡಿದ್ದನ್ನು ಮೊದಲೇ ಕಳೆಯಿರಿ. ನಿಮ್ಮ ದಿನದ ಲೆಕ್ಕ ಅದೇ ಮನೆಯಲ್ಲಿ ಕಾಯಿಯಿಂದಲೇ ತಲೆಗೆ 30 ಗ್ರಾಂ ಕೊಬ್ಬು ತೋರಿಸಿದರೆ, ಒಂದೋ ಅವತ್ತು ಚಟ್ನಿಯ ದಿನ, ಇಲ್ಲವೇ ಹೋಳಿನ ತೂಕ ತಪ್ಪಿದೆ. ಇಡ್ಲಿ, ದೋಸೆ ವಾರಕ್ಕೆ ಎಷ್ಟು ದಿನ ಎಂದು ಕೇಳಿದರೆ ಇವೆರಡರಲ್ಲಿ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.