ಪೆನ್ಸಿಲಿನ್ ಹಾಕಿಯೇ ಬೆಳೆಸುವ ಬ್ಯಾಕ್ಟೀರಿಯಾ

ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ಗಂಟಲಿನ ಮಾದರಿಯಿಂದ ಬೆಳೆಸುವ ಪೋಷಕ ದ್ರವಕ್ಕೆ, ಅಂದರೆ ಬ್ರಾತ್‌ಗೆ ನಾವು ಲ್ಯಾಬ್‌ನವರು ಬೇಕೆಂದೇ ಪೆನ್ಸಿಲಿನ್ ಹಾಕುತ್ತೇವೆ. ಸ್ವಲ್ಪ ಅಲ್ಲ, ಒಂದು ಮಿಲಿಲೀಟರ್‌ಗೆ 1000 ಯೂನಿಟ್ ತನಕ ಹಾಕುವುದುಂಟು. ಗಂಟಲಿನಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಅಷ್ಟಕ್ಕೆ ಉಳಿಯುವುದಿಲ್ಲ. ಮೈಕೋಪ್ಲಾಸ್ಮಾ ಮಾತ್ರ ಏನೂ ಆಗಿಲ್ಲವೆಂಬಂತೆ ಬೆಳೆಯುತ್ತದೆ. ಹೊಸದಾಗಿ ಲ್ಯಾಬ್‌ಗೆ ಬಂದವರು ಇದನ್ನು ನೋಡಿ ಕೇಳುವ ಮೊದಲ ಪ್ರಶ್ನೆ, 'ಇದಕ್ಕೆ ಅಷ್ಟೊಂದು ರೆಸಿಸ್ಟೆನ್ಸ್ ಇದೆಯಾ?' ಎಂದು. ಇಲ್ಲಿ ರೆಸಿಸ್ಟೆನ್ಸ್ ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಯಾಕೆಂದು ತಿಳಿಯಬೇಕಾದರೆ ಪೆನ್ಸಿಲಿನ್ ಏನು ಮಾಡುತ್ತದೆ ಅನ್ನುವಲ್ಲಿಂದ ಶುರು ಮಾಡಬೇಕು.

ಸಾಮಾನ್ಯ ಬ್ಯಾಕ್ಟೀರಿಯಾದ ಸುತ್ತ ತೆಳುವಾದ ಪೊರೆ ಇರುತ್ತದೆ, ಅದರ ಹೊರಗೆ ಪೆಪ್ಟಿಡೋಗ್ಲೈಕಾನ್ ಅನ್ನುವ ವಸ್ತುವಿನ ಗಟ್ಟಿ ಗೋಡೆ. ಸಕ್ಕರೆಯ ಉದ್ದನೆಯ ಎಳೆಗಳು, ಅವುಗಳನ್ನು ಅಡ್ಡಡ್ಡಲಾಗಿ ಕಟ್ಟುವ ಚಿಕ್ಕ ಪೆಪ್ಟೈಡ್ ಕೊಂಡಿಗಳು, ಇಷ್ಟೇ ಅದರ ರಚನೆ. ಜೀವಕೋಶದ ಒಳಗೆ ಒತ್ತಡ ಜಾಸ್ತಿ. ಪೊರೆ ಒಡೆಯದಂತೆ ಆ ಒತ್ತಡವನ್ನು ತಡೆದು ನಿಲ್ಲಿಸುವುದು ಗೋಡೆಯ ಕೆಲಸ. ಕೋಶ ಬೆಳೆಯುತ್ತಾ ಹೋದಂತೆ ಗೋಡೆಯನ್ನು ಅಲ್ಲಲ್ಲಿ ಬಿಚ್ಚಿ ಹೊಸ ಎಳೆ ಸೇರಿಸಿ ಮತ್ತೆ ಕೊಂಡಿ ಹಾಕಬೇಕು. ಕೊಂಡಿ ಹಾಕುವ ಕಿಣ್ವಗಳಿಗೆ ಪೆನ್ಸಿಲಿನ್ ಹೋಗಿ ಅಂಟಿಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಬಿಚ್ಚುವ ಕೆಲಸ ನಡೆಯುತ್ತಲೇ ಇರುತ್ತದೆ, ಕಟ್ಟುವುದು ನಿಂತಿರುತ್ತದೆ. ಗೋಡೆ ಸಡಿಲವಾಗಿ, ನೀರು ಒಳನುಗ್ಗಿ, ಕೋಶ ಒಡೆದುಹೋಗುತ್ತದೆ.

ಮೈಕೋಪ್ಲಾಸ್ಮಾಕ್ಕೆ ಈ ಗೋಡೆಯೇ ಇಲ್ಲ. ಪೆಪ್ಟಿಡೋಗ್ಲೈಕಾನ್ ತಯಾರಿಸುವ ಜೀನ್‌ಗಳನ್ನು ಅದು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿದೆ. ಹಾಗಾಗಿ ಪೆನ್ಸಿಲಿನ್ ಹೋಗಿ ಕೆಡಿಸಬೇಕಾದ ಕೆಲಸವೇ ಅಲ್ಲಿ ನಡೆಯುತ್ತಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಪೆನ್ಸಿಲಿನ್ನನ್ನು ಒಡೆಯುವ ಕಿಣ್ವ ಮಾಡಿಕೊಂಡು ಬಚಾವಾಗುತ್ತವೆ. ಅಂಥ ಕಡೆ ಆ ಕಿಣ್ವವನ್ನು ತಡೆಯುವ ಕ್ಲಾವುಲನಿಕ್ ಆ್ಯಸಿಡ್ ಸೇರಿಸಿದರೆ ಪ್ರಯೋಜನವಾಗಬಹುದು. ಇಲ್ಲಿ ಅದನ್ನು ಸೇರಿಸಿದರೂ ಅಷ್ಟೇ, ಡೋಸ್ ಏರಿಸಿದರೂ ಅಷ್ಟೇ, ಸೆಫಲೋಸ್ಪೊರಿನ್‌ಗೆ ಬದಲಾಯಿಸಿದರೂ ಅಷ್ಟೇ. ವ್ಯಾಂಕೋಮೈಸಿನ್ ಕೂಡ ಗೋಡೆ ಕಟ್ಟುವುದನ್ನೇ ತಡೆಯುವ ಔಷಧ, ಅದೂ ಉಪಯೋಗಕ್ಕೆ ಬಾರದು. ಪೆನ್ಸಿಲಿನ್ ಗುಂಪಿನ ಅಮಾಕ್ಸಿಸಿಲಿನ್‌ಗೆ ಬಗ್ಗದ ನ್ಯುಮೋನಿಯಾಕ್ಕೆ ಅದೇ ಕುಟುಂಬದ ಇನ್ನೂ 'ಸ್ಟ್ರಾಂಗ್' ಔಷಧ ಕೊಡುತ್ತಾ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಬದಲಾಗಬೇಕಿರುವುದು ಔಷಧದ ಬಲ ಅಲ್ಲ, ಅದು ಹೊಡೆಯುವ ಜಾಗ.

ಸರಿ, ಗೋಡೆ ಇಲ್ಲದೆ ಅದು ಒಡೆಯದೆ ಉಳಿಯುವುದು ಹೇಗೆ? ಒಂದು, ಅದು ಇರುವುದು ಪ್ರಾಣಿಯ ಮೈಯೊಳಗೆ. ಅಲ್ಲಿನ ದ್ರವದಲ್ಲಿ ಉಪ್ಪಿನ ಅಂಶ ಕೋಶದ ಒಳಗಿಗೆ ಹೊಂದುವಂತಿರುತ್ತದೆ. ಎರಡು, ಅದರ ಪೊರೆಯಲ್ಲಿ ಕೊಲೆಸ್ಟರಾಲ್ ಇದೆ. ಬ್ಯಾಕ್ಟೀರಿಯಾಗಳಲ್ಲಿ ಇದು ಅಪರೂಪ. ಕೊಲೆಸ್ಟರಾಲ್ ಪೊರೆಗೆ ಬಿಗಿ ಕೊಡುತ್ತದೆ. ಆದರೆ ಅದನ್ನು ತಾನೇ ತಯಾರಿಸಲು ಮೈಕೋಪ್ಲಾಸ್ಮಾಕ್ಕೆ ಬರುವುದಿಲ್ಲ, ಆಶ್ರಯ ಕೊಟ್ಟವರಿಂದಲೇ ಪಡೆಯಬೇಕು. ಡಿಸ್ಟಿಲ್ಡ್ ವಾಟರ್‌ಗೆ ಹಾಕಿದರೆ ಅದು ಒಡೆದುಹೋಗುತ್ತದೆ. ಸ್ವಾಬ್ ಒಣಗಿದರೂ ಸಾಯುತ್ತದೆ. ಪೆನ್ಸಿಲಿನ್ ಎದುರು ಜಗ್ಗದ ಜೀವಿ ಬರೀ ನೀರಿಗೆ, ಒಣಗಾಳಿಗೆ ಇಷ್ಟು ಸೂಕ್ಷ್ಮ.

ಗೋಡೆ ಇಲ್ಲದ್ದರಿಂದ ಇದಕ್ಕೆ ನಿಶ್ಚಿತ ಆಕಾರವೂ ಇಲ್ಲ, ಬ್ಯಾಕ್ಟೀರಿಯಾ ಗುರುತಿಸಲು ಹಾಕುವ ಗ್ರಾಂ ಸ್ಟೇನ್‌ನಲ್ಲಿ ಬಣ್ಣವೂ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾಗಳನ್ನು ತಡೆಯುವ ಫಿಲ್ಟರ್‌ನಲ್ಲಿ ತೂರಿಕೊಂಡು ಹೋಗುತ್ತದೆ. 1944ರಲ್ಲಿ ಮನ್ರೋ ಈಟನ್ ಮತ್ತು ಸಂಗಡಿಗರು ನ್ಯುಮೋನಿಯಾ ರೋಗಿಗಳಿಂದ ಇದನ್ನು ಬೇರ್ಪಡಿಸಿದಾಗ ವೈರಸ್ ಎಂದೇ ಭಾವಿಸಲಾಗಿತ್ತು. 'ಈಟನ್ ಏಜೆಂಟ್' ಎಂಬ ಹೆಸರು ಬಿತ್ತು. ವೈರಸ್ ಮೇಲೆ ಕೆಲಸ ಮಾಡಬಾರದ ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಇದರ ಮೇಲೆ ಕೆಲಸ ಮಾಡುತ್ತಿದ್ದದ್ದು ಅನುಮಾನ ಹುಟ್ಟಿಸಿತು. 1962ರಲ್ಲಿ ರಾಬರ್ಟ್ ಚಾನಕ್, ಲಿಯೊನಾರ್ಡ್ ಹೇಫ್ಲಿಕ್ ಮತ್ತು ಮೈಕಲ್ ಬರೈಲ್ ಅದನ್ನು ಜೀವಕೋಶಗಳ ನೆರವಿಲ್ಲದೆ ಜೆಲ್ಲಿಯಂಥ ಅಗರ್ ಮೇಲೆ ಬೆಳೆಸಿ ತೋರಿಸಿದ ಮೇಲೆ ಅದು ವೈರಸ್ ಅಲ್ಲ ಅನ್ನುವುದು ಖಚಿತವಾಯಿತು. ಈಗ ಅದರ ಹೆಸರು ಮೈಕೋಪ್ಲಾಸ್ಮಾ ನ್ಯುಮೋನಿಯೆ.

ಅವರು ಬಳಸಿದ ಬಗೆಯ ಮೀಡಿಯಾವನ್ನೇ ಇಂದಿಗೂ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಬಳಸುತ್ತೇವೆ. ಸುಮಾರು 70 ಭಾಗ ದನದ ಹೃದಯದ ಸಾರ ಮತ್ತು ಪೆಪ್ಟೋನ್ ಇರುವ ಮೂಲ ಬ್ರಾತ್, 20 ಭಾಗ ಕುದುರೆಯ ಸೀರಂ, 10 ಭಾಗ ತಾಜಾ ಯೀಸ್ಟ್ ಸಾರ. ಸೀರಂ ಇರುವುದು ಮುಖ್ಯವಾಗಿ ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳಿಗಾಗಿ. ಯೀಸ್ಟ್ ಸಾರ ಡಿಎನ್ಎ ಕಟ್ಟಲು ಬೇಕಾದ ಸಾಮಗ್ರಿಯನ್ನೂ ವಿಟಮಿನ್‌ಗಳನ್ನೂ ಕೊಡುತ್ತದೆ. ಇದರ ಜೀನೋಮ್‌ನಲ್ಲಿರುವುದು ಸುಮಾರು 8 ಲಕ್ಷ ಅಕ್ಷರಗಳು, ಇ. ಕೋಲೈಯಲ್ಲಿ 46 ಲಕ್ಷ. ಅಷ್ಟು ಚಿಕ್ಕ ಜೀನೋಮ್ ಇಟ್ಟುಕೊಂಡು ತನಗೆ ಬೇಕಾದದ್ದನ್ನೆಲ್ಲ ತಾನೇ ತಯಾರಿಸಿಕೊಳ್ಳಲು ಆಗುವುದಿಲ್ಲ, ನಾವೇ ಒದಗಿಸಬೇಕು. ಮೂಲ ಬ್ರಾತನ್ನು ಆಟೋಕ್ಲೇವ್ ಮಾಡಿ, ಆರಿದ ಮೇಲಷ್ಟೇ ಸೀರಂ, ಯೀಸ್ಟ್ ಸಾರ, ಪೆನ್ಸಿಲಿನ್ ಸೇರಿಸಬೇಕು. ಬಿಸಿ ಇರುವಾಗಲೇ ಹಾಕಿದರೆ ಸೀರಂ ಹೆಪ್ಪುಗಟ್ಟುತ್ತದೆ. ಪೆನ್ಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಮತ್ತು ಫಂಗಸ್ ತಡೆಯಲು ಥ್ಯಾಲಿಯಂ ಅಸಿಟೇಟ್ ಹಾಕುವ ರೂಢಿಯೂ ಇದೆ. ಅದು ಘೋರ ವಿಷ, ಗ್ಲೌಸ್ ಇಲ್ಲದೆ ಮುಟ್ಟಬಾರದು. ಹತ್ತಿರದ ಸಂಬಂಧಿ ಯೂರಿಯಾಪ್ಲಾಸ್ಮಾವನ್ನು ಹುಡುಕುವಾಗಲಂತೂ ಹಾಕಲೇಬಾರದು, ಅದನ್ನೂ ಕೊಲ್ಲುತ್ತದೆ.

ಒಂದು ಮಾದರಿಯ ಜೊತೆ ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ಹದಿಹರೆಯದ ಹುಡುಗಿ, ಎರಡು ವಾರದಿಂದ ಒಣಕೆಮ್ಮು, ಸಣ್ಣ ಜ್ವರ. ಓಡಾಡಿಕೊಂಡೇ ಇದ್ದಾಳೆ, ಆದರೆ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಮಸುಕು ಕಾಣುತ್ತದೆ. ಅಮಾಕ್ಸಿಸಿಲಿನ್ ಕೋರ್ಸ್ ಮುಗಿಸಿದರೂ ಏನೂ ವ್ಯತ್ಯಾಸವಿಲ್ಲ. ಕಫದ ಗ್ರಾಂ ಸ್ಟೇನ್‌ನಲ್ಲಿ ಬಿಳಿ ರಕ್ತಕಣಗಳಿವೆ, ದೂರು ಹೊರಿಸಬಹುದಾದ ಬ್ಯಾಕ್ಟೀರಿಯಾ ಇಲ್ಲ. ಗಂಟಲಿನ ಹಿಂಭಾಗದಿಂದ ತೆಗೆದ ಸ್ವಾಬನ್ನು ಅಲ್ಲೇ ಟ್ರಾನ್ಸ್‌ಪೋರ್ಟ್ ಬ್ರಾತ್‌ನಲ್ಲಿ ಅದ್ದಿ ಹಿಂಡಿ ಕಳಿಸಬೇಕು. ಮರದ ಕಡ್ಡಿಯ ಸ್ವಾಬ್ ಬೇಡ, ಮರದಿಂದ ಬಿಡುವ ಅಂಶಗಳು ಬೆಳವಣಿಗೆ ತಡೆಯುತ್ತವೆ.

ಲ್ಯಾಬ್‌ನಲ್ಲಿ ಈ ದ್ರವವನ್ನು ಹತ್ತರಷ್ಟು, ನೂರರಷ್ಟು, ಸಾವಿರದಷ್ಟು ತೆಳುಮಾಡಿ ಬೇರೆ ಬೇರೆ ಟ್ಯೂಬ್‌ಗಳಿಗೆ ಹಾಕುತ್ತೇವೆ. ಮಾದರಿಯಲ್ಲಿರುವ ಆ್ಯಂಟಿಬಾಡಿ, ಔಷಧದ ಉಳಿಕೆ ಬೆಳವಣಿಗೆಗೆ ಅಡ್ಡಬಂದರೆ ತೆಳುವಾದ ಟ್ಯೂಬ್‌ನಲ್ಲಾದರೂ ಅದರ ಕಾಟ ತಪ್ಪುತ್ತದೆ. ಬ್ರಾತ್‌ನಲ್ಲಿ ಗ್ಲೂಕೋಸ್ ಮತ್ತು ಫಿನಾಲ್ ರೆಡ್ ಇರುತ್ತದೆ. ಶುರುವಿನಲ್ಲಿ ಪಿಎಚ್ ಸುಮಾರು 7.8, ಬಣ್ಣ ಕೆಂಪು. ಮುಚ್ಚಳ ಬಿಗಿಮಾಡಿ 37 ಡಿಗ್ರಿಯಲ್ಲಿ ಇಡುತ್ತೇವೆ. ಮೈಕೋಪ್ಲಾಸ್ಮಾ ಗ್ಲೂಕೋಸ್ ಬಳಸಿ ಆಮ್ಲ ಬಿಟ್ಟಾಗ ಬಣ್ಣ ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ.

ಇಲ್ಲಿ ಕಣ್ಣು ಚುರುಕಾಗಿರಬೇಕು. ಎರಡನೇ ದಿನವೇ ಟ್ಯೂಬ್ ಹಳದಿಯಾಗಿ, ಬೆಳಕಿಗೆ ಹಿಡಿದರೆ ಕದಡಿದಂತೆ ಕಂಡರೆ ಖುಷಿಪಡಬೇಡಿ. ಅದು ಪೆನ್ಸಿಲಿನ್‌ಗೆ ತಪ್ಪಿಸಿಕೊಂಡ ಬೇರೆ ಬ್ಯಾಕ್ಟೀರಿಯಾ. ಮೈಕೋಪ್ಲಾಸ್ಮಾ ಬೆಳೆದ ಬ್ರಾತ್‌ನ ಬಣ್ಣ ಬದಲಾಗುತ್ತದೆ, ಆದರೆ ದ್ರವ ತಿಳಿಯಾಗಿಯೇ ಇರುತ್ತದೆ. ಕೋಶಗಳು ಅಷ್ಟು ಚಿಕ್ಕವು. ಒಂದು ಸಲ ಇಬ್ಭಾಗವಾಗಲು ಸುಮಾರು ಆರು ತಾಸು ತೆಗೆದುಕೊಳ್ಳುವ ಜೀವಿ ಎರಡು ದಿನದಲ್ಲಿ ಟ್ಯೂಬ್ ತುಂಬಲಾರದು. ಈ ಹುಡುಗಿಯ ಮಾದರಿಯಲ್ಲಿ ಮೊದಲ ವಾರ ಏನೂ ಕಾಣಲಿಲ್ಲ. ಹತ್ತನೇ ದಿನ ಮೊದಲ ಟ್ಯೂಬ್ ತಿಳಿಯಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆಗಲೇ ಅಗರ್‌ಗೆ ಹಾಕಿಬಿಡಬೇಕು. ಪೂರ್ತಿ ಹಳದಿಯಾಗಲಿ ಎಂದು ಕಾಯುತ್ತಾ ಕೂತರೆ ತಾನು ಬಿಟ್ಟ ಆಮ್ಲದಲ್ಲೇ ಅದು ಸಾಯುತ್ತದೆ. ಬಣ್ಣ ಬದಲಾಗದಿದ್ದರೂ ಟ್ಯೂಬ್ ಬಿಸಾಡುವ ಹಾಗಿಲ್ಲ. ನಡುವೆ ಒಮ್ಮೆ ಸುಮ್ನೆ ಅಗರ್‌ಗೆ ಹಾಕಿ ನೋಡಬೇಕು, ನಾಲ್ಕು ವಾರದ ತನಕ ಇಟ್ಟುಕೊಳ್ಳಬೇಕು.

ಅಗರ್ ಪ್ಲೇಟ್ ಮೆತ್ತಗಿರಬೇಕು, ಅಗರ್ ಪ್ರಮಾಣ ಶೇಕಡಾ ಒಂದರ ಆಸುಪಾಸು. ಗೋಡೆ ಇಲ್ಲದ ಮೆದು ಕೋಶಗಳು ಅಗರ್‌ನ ಎಳೆಗಳ ನಡುವೆ ನುಸುಳಿ ಕೆಳಕ್ಕೆ ಬೆಳೆಯುತ್ತವೆ, ಆಮೇಲೆ ಮೇಲ್ಮೈಯಲ್ಲಿ ತೆಳ್ಳಗೆ ಹರಡುತ್ತವೆ. ಹಾಗಾಗಿ ನಡುವೆ ಗಾಢ, ಸುತ್ತ ಪೇಲವ. ಹುರಿದ ಮೊಟ್ಟೆಯ ಹಾಗೆ ಎಂದು ಪಾಠಗಳಲ್ಲಿ ಹೇಳುವುದು ಇದನ್ನೇ. ಮೈಕೋಪ್ಲಾಸ್ಮಾ ಹೊಮಿನಿಸ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನ್ಯುಮೋನಿಯೆಯಲ್ಲಿ ಮಾತ್ರ ಸುತ್ತಲಿನ ಅಂಚು ಸಾಮಾನ್ಯವಾಗಿ ಇರುವುದಿಲ್ಲ, ಬರೀ ತರಿತರಿಯಾದ ಗುಂಡು ಚುಕ್ಕೆ. ಚಿತ್ರದಲ್ಲಿ ನೋಡಿದ್ದನ್ನೇ ಹುಡುಕುವವರು ಇದನ್ನು ದಾಟಿಸಿಬಿಡುತ್ತಾರೆ. ಕಾಲೊನಿಯ ಅಗಲ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯೇ ಇರುವುದು ಹೆಚ್ಚು. ಬರಿಗಣ್ಣಿಗೆ ಕಾಣದು, ಪ್ಲೇಟನ್ನೇ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಬೇಕು. ತೇವ ಮತ್ತು ಶೇಕಡಾ 5 ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಮತ್ತೊಂದು ವಾರ ಕಳೆದಾಗ ಹುಡುಗಿಯ ಪ್ಲೇಟಿನಲ್ಲಿ ಅಂಥ ಚುಕ್ಕೆಗಳು ಕಂಡವು.

ಕಾಣುವ ಚುಕ್ಕೆಯೆಲ್ಲ ಕಾಲೊನಿಯಲ್ಲ. ಸೀರಂ ಇರುವ ಅಗರ್‌ನಲ್ಲಿ ಸೋಪಿನಂಥ ಹರಳುಗಳು ಕೂಡಿಕೊಂಡು ಥೇಟ್ ಕಾಲೊನಿಯ ಹಾಗೆ ಕಾಣುವುದುಂಟು. ಡೀನೀಸ್ ಸ್ಟೇನ್ ಹಾಕಿದರೆ ಮೈಕೋಪ್ಲಾಸ್ಮಾ ನೀಲಿ ಹಿಡಿದು ಹಾಗೇ ಉಳಿಸಿಕೊಳ್ಳುತ್ತದೆ. ಬೇರೆ ಬ್ಯಾಕ್ಟೀರಿಯಾಗಳು ಸ್ವಲ್ಪ ಹೊತ್ತಿನಲ್ಲೇ ಬಣ್ಣ ಕಳೆದುಕೊಳ್ಳುತ್ತವೆ. ಆಮೇಲೆ ಗಿನಿಪಿಗ್‌ನ ಕೆಂಪು ರಕ್ತಕಣಗಳನ್ನು ಪ್ಲೇಟಿನ ಮೇಲೆ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಸಲೈನ್‌ನಲ್ಲಿ ಮೆಲ್ಲಗೆ ತೊಳೆಯುತ್ತೇವೆ. ನ್ಯುಮೋನಿಯೆ ಕಾಲೊನಿಗೆ ರಕ್ತಕಣಗಳು ಅಂಟಿಕೊಂಡೇ ಇರುತ್ತವೆ. ಗಂಟಲಿನಲ್ಲಿ ಯಾರಿಗೂ ತೊಂದರೆ ಕೊಡದೆ ಇರುವ ಮೈಕೋಪ್ಲಾಸ್ಮಾ ಒರೇಲೆಯಂಥವಕ್ಕೆ ಹೀಗೆ ಅಂಟುವುದಿಲ್ಲ. ಕೊನೆಯ ಖಾತ್ರಿಗೆ ಪಿಸಿಆರ್. ಮತ್ತೊಂದು ಪ್ಲೇಟಿಗೆ ದಾಟಿಸಬೇಕಾದರೆ ಲೂಪ್‌ನಿಂದ ಕೆರೆದು ಪ್ರಯೋಜನವಿಲ್ಲ, ಕಾಲೊನಿ ಅಗರ್‌ನೊಳಗೆ ಹುದುಗಿರುತ್ತದೆ. ಆ ಜಾಗದ ಅಗರ್ ತುಂಡನ್ನೇ ಕತ್ತರಿಸಿ, ಬೋರಲು ಹಾಕಿ ಹೊಸ ಪ್ಲೇಟಿನ ಮೇಲೆ ಜರುಗಿಸಬೇಕು.

ಇಷ್ಟಾಗುವಾಗ ಮೂರು ವಾರ ಹತ್ತಿರವಾಗಿರುತ್ತದೆ. ರೋಗಿಗೆ ಔಷಧ ಕೊಡಲು ಅಷ್ಟು ದಿನ ಯಾರೂ ಕಾಯುವುದಿಲ್ಲ, ಕಾಯಲೂಬಾರದು. ಗಂಟಲಿನ ಸ್ವಾಬ್‌ನ ಪಿಸಿಆರ್ ಅದೇ ದಿನವೋ ಮರುದಿನವೋ ಉತ್ತರ ಕೊಡುತ್ತದೆ. ಈ ಹುಡುಗಿಗೆ ವೈದ್ಯರು ಅಜಿಥ್ರೋಮೈಸಿನ್ ಶುರು ಮಾಡಿದ್ದು ಪಿಸಿಆರ್ ನೋಡಿಯೇ. ಅದು ಹೊಡೆಯುವುದು ರೈಬೋಸೋಮ್‌ಗೆ, ಅಂದರೆ ಪ್ರೋಟೀನ್ ತಯಾರಾಗುವ ಜಾಗಕ್ಕೆ. ಗೋಡೆ ಇರಲಿ ಬಿಡಲಿ, ರೈಬೋಸೋಮ್ ಇಲ್ಲದೆ ಯಾವ ಬ್ಯಾಕ್ಟೀರಿಯಾವೂ ಬದುಕದು. ಡಾಕ್ಸಿಸೈಕ್ಲಿನ್ ಕೆಲಸ ಮಾಡುವುದೂ ಅಲ್ಲೇ.

ಹಾಗಾದರೆ ಮೂರು ವಾರ ಕಾದು ಬೆಳೆಸುವುದು ಯಾಕೆ? ಇಲ್ಲಿ ನಿಜವಾದ ರೆಸಿಸ್ಟೆನ್ಸ್ ಹುಟ್ಟುತ್ತಿದೆ ಅನ್ನುವ ಕಾರಣಕ್ಕೆ. ರೈಬೋಸೋಮ್‌ನ 23ಎಸ್ ಆರ್‌ಎನ್‌ಎಯಲ್ಲಿ 2063ನೇ ಜಾಗದ ಒಂದೇ ಅಕ್ಷರ ಬದಲಾದರೂ ಅಜಿಥ್ರೋಮೈಸಿನ್ ಅಲ್ಲಿ ಕೂರುವುದಿಲ್ಲ. ಇಂಥ ತಳಿಗಳು ಪೂರ್ವ ಏಷ್ಯಾದಲ್ಲಿ ತುಂಬಾ ಹರಡಿವೆ. ಗೊತ್ತಿರುವ ಬದಲಾವಣೆಯನ್ನು ಪಿಸಿಆರ್‌ನಲ್ಲೂ ಹುಡುಕಬಹುದು. ಆದರೆ ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ ಎಂದು ಅಳೆಯಬೇಕಾದರೆ ಜೀವಂತ ತಳಿಯೇ ಬೇಕು. ಅಳೆಯುವುದೂ ಅದೇ ಕೆಂಪು ಬ್ರಾತ್‌ನಲ್ಲಿ. ಔಷಧದ ಪ್ರಮಾಣ ಏರುತ್ತಾ ಹೋಗುವ ಟ್ಯೂಬ್‌ಗಳ ಸಾಲಿನಲ್ಲಿ, ಔಷಧವೇ ಇಲ್ಲದ ಟ್ಯೂಬ್ ಬಣ್ಣ ಬದಲಿಸಿದ ದಿನ, ಯಾವುದರಿಂದ ಆಚೆಗೆ ಕೆಂಪು ಹಾಗೇ ಉಳಿದಿದೆ ಎಂದು ಗುರುತು ಮಾಡಿಕೊಳ್ಳುತ್ತೇವೆ.