ಪದ ಪರಿಚಯ: ಕೀಲಿನ ಪ್ರತಿಕ್ರಿಯೆ

ಗೋಡೆಯಿಂದ ಹೊರಚಾಚಿದ ಅಡ್ಡ ಪೈಪು, ಅದನ್ನು ಮೇಲಿನಿಂದ ಓರೆಯಾಗಿ ಹಿಡಿದ ತಂತಿ, ಕೆಳಗೆ ತೂಗುವ ಬೋರ್ಡು: ಕುಂಬಳೆಯಿಂದ ಕಾಸರಗೋಡಿನವರೆಗೆ ಅಂಗಡಿ ಸಾಲಿನಲ್ಲಿ ಕಾಣುವ ಈ ಚಿತ್ರವೇ ಪ್ಲಸ್ ವನ್ ಭೌತಶಾಸ್ತ್ರದ ಲೆಕ್ಕವೂ ಆಗಿದೆ. ತಂತಿಯ ಎಳೆತ ಎಷ್ಟು, ಕೀಲಿನ ಪ್ರತಿಕ್ರಿಯೆ ಎಷ್ಟು ಎಂದು ಕೇಳುತ್ತಾರೆ. ಮೊನ್ನೆ ಕೈಗೆ ಬಂದ ಕನ್ನಡ ಟಿಪ್ಪಣಿಯೊಂದರಲ್ಲಿ ಉತ್ತರ ಬರೆದವರು ‘ಕೀಲಿನ ಪ್ರತಿಕ್ರಿಯೆ ಯಾವಾಗಲೂ ಗೋಡೆಗೆ ಲಂಬವಾಗಿರುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಈ ‘ಯಾವಾಗಲೂ’ ಎಂಬುದನ್ನು ಇಷ್ಟು ಕಡೆ ನೋಡಿಯಾಗಿದೆ ಎಂದರೆ, ಇನ್ನು ಸುಮ್ಮನಿರುವುದು ಸರಿಯಲ್ಲ.

ಕೀಲು ಎಂದರೆ ಇಲ್ಲಿ ಬಾಗಿಲಿನ ಬಿಜಾಗರಿಯೇ, ಮಲಯಾಳದಲ್ಲಿ ವಿಜಾಗಿರಿ, ಎರಡಕ್ಕೂ ಮೂಲ ಪೋರ್ಚುಗೀಸರ ‘ಬಿಸಾಗ್ರ’. ಅದರ ಗುಣ ಒಂದೇ: ತಿರುಗುವುದನ್ನು ತಡೆಯುವುದಿಲ್ಲ, ಸರಿದುಹೋಗುವುದನ್ನು ಮಾತ್ರ ತಡೆಯುತ್ತದೆ. ಸರಿಯುವ ಪ್ರಯತ್ನ ಯಾವ ದಿಕ್ಕಿಗಿದ್ದರೂ ಅದಕ್ಕೆ ಎದುರಾಗಿ ಕೀಲು ತಳ್ಳಬಲ್ಲದು ಅಥವಾ ಎಳೆಯಬಲ್ಲದು. ಆದ್ದರಿಂದ ಪ್ರತಿಕ್ರಿಯೆಯ ದಿಕ್ಕನ್ನು ಮೊದಲೇ ಊಹಿಸಬಾರದು. ಅಡ್ಡ ಭಾಗವನ್ನೂ ಲಂಬ ಭಾಗವನ್ನೂ ಬೇರೆ ಬೇರೆ ಅಜ್ಞಾತಗಳಾಗಿ ಇಟ್ಟುಕೊಳ್ಳಬೇಕು. ನ್ಯೂಟನ್ನನ ಮೂರನೇ ನಿಯಮದ ಪ್ರತಿಕ್ರಿಯೆಯನ್ನು ಇಲ್ಲಿಗೆ ಎಳೆದು ತಂದು ‘ಬೋರ್ಡಿನ ಭಾರ ಕ್ರಿಯೆ, ತಂತಿಯ ಎಳೆತ ಪ್ರತಿಕ್ರಿಯೆ’ ಎಂದು ಬರೆಯುವುದಂತೂ ಸಲ್ಲದು. ಈ ಲೆಕ್ಕದಲ್ಲಿ ಪ್ರತಿಕ್ರಿಯೆ ಎಂದರೆ ಕೀಲು ಪೈಪಿನ ಮೇಲೆ ಹಾಕುವ ಬಲ, ಅಷ್ಟೆ.

ಒಂದು ಬೋರ್ಡನ್ನೇ ತೆಗೆದುಕೊಳ್ಳೋಣ. ಪೈಪಿನ ಉದ್ದ 1.2 ಮೀಟರ್. ತಂತಿ ಪೈಪಿನ ತುದಿಯಿಂದ ಹೊರಟು, ಕೀಲಿಗಿಂತ 0.9 ಮೀಟರ್ ಮೇಲೆ ಗೋಡೆಯ ಕೊಂಡಿಯನ್ನು ಸೇರುತ್ತದೆ. ಹಾಗಾಗಿ ತಂತಿಯ ಉದ್ದ 1.5 ಮೀಟರ್, ಅದು ಪೈಪಿನೊಡನೆ ಮಾಡುವ ಕೋನದ ಸೈನ್ 0.6, ಕೊಸೈನ್ 0.8. ಬೋರ್ಡಿನ ಭಾರ 200 ನ್ಯೂಟನ್, ಅಂದರೆ ಸುಮಾರು 20 ಕಿಲೋ.

ಪೈಪಿನ ಭಾರವನ್ನು ಬಿಟ್ಟು, ಬೋರ್ಡನ್ನು ಪೈಪಿನ ತುದಿಗೇ, ತಂತಿ ಕಟ್ಟಿದ ಜಾಗದಲ್ಲೇ ತೂಗಿಸಿದರೆ ಟಿಪ್ಪಣಿಯ ಮಾತು ನಿಜವಾಗುತ್ತದೆ. ಕೀಲಿನ ಸುತ್ತ ಟಾರ್ಕ್ ಸಮವಾಗಬೇಕಾದರೆ ತಂತಿಯ ಲಂಬ ಭಾಗವೊಂದೇ ಪೂರ್ತಿ 200 ನ್ಯೂಟನ್ ಹೊರಬೇಕು. ಆಗ ಎಳೆತ 200 ÷ 0.6, ಸುಮಾರು 333 ನ್ಯೂಟನ್. ಕೀಲು ಪೈಪನ್ನು ಅಡ್ಡವಾಗಿ 267 ನ್ಯೂಟನ್ ಬಲದಿಂದ ಹೊರಕ್ಕೆ ತಳ್ಳುತ್ತದೆ, ಮೇಲಕ್ಕೆ ಏನೂ ಇಲ್ಲ. ಪೈಪಿನ ಮೇಲೆ ಎರಡೇ ತುದಿಗಳಲ್ಲಿ ಬಲ ಬೀಳುವುದರಿಂದ ಆ ಬಲಗಳು ಪೈಪಿನ ಉದ್ದಕ್ಕೇ ಇರಬೇಕಾಯಿತು, ಪೈಪು ಗೋಡೆಗೆ ಲಂಬವಾಗಿದ್ದುದರಿಂದ ಪ್ರತಿಕ್ರಿಯೆಯೂ ಹಾಗಾಯಿತು. ಇದು ಕೀಲಿನ ಗುಣವಲ್ಲ; ಭಾರ ತೂಗಿದ ಜಾಗದ ಗುಣ.

ಆದರೆ ಯಾವ ಅಂಗಡಿಯವರೂ ಬೋರ್ಡನ್ನು ಪೈಪಿನ ತುದಿಯ ಒಂದೇ ಬಿಂದುವಿಗೆ ನೇತುಹಾಕುವುದಿಲ್ಲ. ಎರಡು ಕೊಂಡಿಗಳ ನಡುವೆ ಬೋರ್ಡಿನ ಭಾರಕೇಂದ್ರ ಕೀಲಿನಿಂದ 0.8 ಮೀಟರ್ ದೂರದಲ್ಲಿ ಬಿತ್ತು ಎನ್ನೋಣ, ಪೈಪಿಗೂ ತನ್ನದೇ 60 ನ್ಯೂಟನ್ ಭಾರವಿದೆ, ಅದು ನಡುಮಧ್ಯೆ 0.6 ಮೀಟರಿನಲ್ಲಿ ಕೆಲಸ ಮಾಡುತ್ತದೆ. ಕೀಲಿನ ಸುತ್ತ ಟಾರ್ಕ್ ತೆಗೆದರೆ ಕೀಲಿನ ಬಲಗಳೆರಡೂ ಲೆಕ್ಕದಿಂದ ಹೊರಗುಳಿಯುತ್ತವೆ. ಅಲ್ಲಿಂದಲೇ ಆರಂಭಿಸುವುದು ಆ ಕಾರಣಕ್ಕೆ. ಕೆಳಗೆ T ಎಂದರೆ ತಂತಿಯ ಎಳೆತ, H ಮತ್ತು V ಎಂದರೆ ಕೀಲಿನ ಪ್ರತಿಕ್ರಿಯೆಯ ಅಡ್ಡ ಭಾಗ ಮತ್ತು ಲಂಬ ಭಾಗ.

```
T × 0.6 × 1.2 = 200 × 0.8 + 60 × 0.6 = 196
T = 196 / 0.72 ≈ 272 N
H = 0.8 T ≈ 218 N
V = 260 − 0.6 T ≈ 97 N
```

ಕೀಲು ಈಗ ಪೈಪನ್ನು 218 ನ್ಯೂಟನ್ನಿನಷ್ಟು ಹೊರಕ್ಕೆ ತಳ್ಳುವುದಲ್ಲದೆ 97 ನ್ಯೂಟನ್ನಿನಷ್ಟು ಮೇಲಕ್ಕೂ ಹಿಡಿಯುತ್ತದೆ. ಒಟ್ಟು ಪ್ರತಿಕ್ರಿಯೆ ಸುಮಾರು 238 ನ್ಯೂಟನ್, ಪೈಪಿನಿಂದ 24 ಡಿಗ್ರಿ ಮೇಲ್ಮುಖವಾಗಿ. ಒಪ್ಪದವರು ಚಿತ್ರ ಬರೆದು ನೋಡಬಹುದು. ಎರಡು ಭಾರಗಳನ್ನು ಕೂಡಿಸಿದರೆ ಅವು ಕೀಲಿನಿಂದ 0.754 ಮೀಟರ್ ದೂರದಲ್ಲಿ ಒಂದಾಗಿ ಕೆಲಸ ಮಾಡುತ್ತವೆ. ಆ ಲಂಬರೇಖೆಯೂ ತಂತಿಯ ರೇಖೆಯೂ ಸಂಧಿಸುವ ಬಿಂದು ಪೈಪಿಗಿಂತ 0.335 ಮೀಟರ್ ಮೇಲಿದೆ. ಮೂರು ಬಲಗಳು ಸಮತೋಲದಲ್ಲಿದ್ದು ಸಮಾಂತರವಾಗಿಲ್ಲದಿದ್ದರೆ ಅವು ಒಂದೇ ಬಿಂದುವಿನಲ್ಲಿ ಕೂಡಬೇಕಾದ್ದರಿಂದ ಪ್ರತಿಕ್ರಿಯೆಯ ರೇಖೆಯೂ ಅಲ್ಲಿಗೇ ಹೋಗುತ್ತದೆ, ಓರೆ ಅದೇ 24 ಡಿಗ್ರಿ.

ಇಲ್ಲಿ ಗಮನಿಸಬೇಕಾದ, ಆದರೆ ಹೆಚ್ಚಿನವರು ಗಮನಿಸದೆ ಬಿಡುವ ಸಂಗತಿಯೊಂದಿದೆ. ತಂತಿಯ ಲಂಬ ಭಾಗ 196 ÷ 1.2, ಅಂದರೆ 163 ನ್ಯೂಟನ್. ಈ ಲೆಕ್ಕದಲ್ಲಿ ತಂತಿಯ ಓರೆ ಎಲ್ಲಿಯೂ ಬರಲಿಲ್ಲ. ಹಾಗಾದರೆ ಕೀಲಿನ ಪಾಲಿನ 97 ನ್ಯೂಟನ್ ಕೂಡ ಓರೆಯನ್ನು ಅವಲಂಬಿಸಿಲ್ಲ. ಭಾರ ಎಲ್ಲಿ ತೂಗುತ್ತದೆ, ತಂತಿ ಪೈಪನ್ನು ಎಲ್ಲಿ ಹಿಡಿದಿದೆ ಎಂಬುದಷ್ಟೇ ಲಂಬ ಪಾಲನ್ನು ನಿರ್ಧರಿಸುತ್ತದೆ. ಓರೆ ಬದಲಿಸುವುದು ಅಡ್ಡ ಬಲವನ್ನು: ಅದು 196ನ್ನು ಕೊಂಡಿಯ ಎತ್ತರದಿಂದ ಭಾಗಿಸಿದಷ್ಟು. ಎತ್ತರ 0.9 ಮೀಟರ್ ಇದ್ದಾಗ 218 ಇದ್ದದ್ದು, ಕಿಟಕಿಗೆ ಅಡ್ಡ ಬರುತ್ತದೆ ಎಂದು ಕೊಂಡಿಯನ್ನು 0.3 ಮೀಟರಿಗೆ ಇಳಿಸಿದರೆ 653 ನ್ಯೂಟನ್ ಆಗುತ್ತದೆ, ಎಳೆತ 673ಕ್ಕೆ ಏರುತ್ತದೆ. ಬೋರ್ಡಿನ ಭಾರ ಒಂದು ಗ್ರಾಮೂ ಹೆಚ್ಚಿಲ್ಲ.

ಆ ಅಡ್ಡ ಬಲ ಕೀಲಿನ ಬಳಿ ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ಮೇಲಿನ ಕೊಂಡಿಯನ್ನು ಅಷ್ಟೇ ಬಲದಿಂದ ಹೊರಕ್ಕೆ ಎಳೆಯುತ್ತದೆ. ಕೆಂಪುಕಲ್ಲಿನ ಗೋಡೆ ಒತ್ತಡ ತಾಳುವಷ್ಟು ಸುಲಭವಾಗಿ ಬೋಲ್ಟಿನ ಎಳೆತ ತಾಳುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಕೀಲನ್ನಲ್ಲ, ಮೇಲಿನ ಕೊಂಡಿಯ ಸುತ್ತ ಗಾರೆಯಲ್ಲಿ ಉಂಗುರದಂತೆ ಎದ್ದ ಬಿರುಕನ್ನು. ಮಳೆಗಾಲದ ಗಾಳಿ ಬೋರ್ಡನ್ನು ಬದಿಯಿಂದ ದೂಡುವುದು ಬೇರೆಯೇ ಲೆಕ್ಕ. ಈ ಸಮೀಕರಣಗಳಲ್ಲಿ ಅದಕ್ಕೆ ಜಾಗವಿಲ್ಲ.

‘ಕೀಲು ಮೇಲಕ್ಕೇ ಹಿಡಿಯುತ್ತದೆ’ ಎಂಬುದನ್ನೂ ನಿಯಮವಾಗಿ ಬರೆದುಕೊಳ್ಳುವುದು ಬೇಡ. ತಂತಿಯನ್ನು ಪೈಪಿಗೆ ಕೀಲಿನಿಂದ 0.8 ಮೀಟರ್ ದೂರದಲ್ಲಿ ಕಟ್ಟಿ ಬೋರ್ಡನ್ನು ತುದಿಗೆ ತೂಗಿಸಿದರೆ ಟಾರ್ಕ್ 276 ನ್ಯೂಟನ್-ಮೀಟರ್, ತಂತಿಯ ಲಂಬ ಭಾಗ 345 ನ್ಯೂಟನ್. ಒಟ್ಟು ಭಾರ 260 ಮಾತ್ರ. ಆದ್ದರಿಂದ ಕೀಲು ಪೈಪಿನ ಬುಡವನ್ನು 85 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆದು ಹಿಡಿಯಬೇಕಾಗುತ್ತದೆ. ಉತ್ತರದಲ್ಲಿ ಋಣ ಚಿಹ್ನೆ ಬಂದರೆ ಹೆದರಿ ಅಳಿಸುವ ಮಕ್ಕಳಿದ್ದಾರೆ. ಆ ಚಿಹ್ನೆ ಹೇಳುವುದು ಇಷ್ಟನ್ನೇ.

ಕೊನೆಯದಾಗಿ, ನಾಲ್ಕು ಬೋಲ್ಟು ಬಿಗಿದ ಪ್ಲೇಟಿಗೆ ಪೈಪನ್ನು ವೆಲ್ಡ್ ಮಾಡಿ ಅದನ್ನೂ ಕೀಲು ಎಂದು ಕರೆಯುವ ರೂಢಿಯ ಬಗ್ಗೆ. ಅದು ತಿರುಗುವುದನ್ನೂ ತಡೆಯುತ್ತದೆ, ಹಾಗಾಗಿ ಟಾರ್ಕನ್ನೂ ಹೊರುತ್ತದೆ. ಅಜ್ಞಾತಗಳು ನಾಲ್ಕಾಗುತ್ತವೆ, ಸಮತೋಲದ ಸಮೀಕರಣಗಳು ಮೂರೇ ಉಳಿಯುತ್ತವೆ. ತಂತಿ ಎಷ್ಟು ಹಿಗ್ಗುತ್ತದೆ, ಪೈಪು ಎಷ್ಟು ಬಾಗುತ್ತದೆ ಎಂದು ತಿಳಿಯದೆ ಅಲ್ಲಿ ಎಳೆತವನ್ನು ಹೇಳಲಾಗದು. ಗುರುತಿಸುವುದು ಕಷ್ಟವೇನಲ್ಲ. ತಂತಿಯ ಬಿಗಿಸುವ ತಿರುಪನ್ನು ಸ್ವಲ್ಪ ತಿರುಗಿಸಿದಾಗ ಪೈಪಿನ ತುದಿ ಸಲೀಸಾಗಿ ಮೇಲೇರಿ, ತಂತಿಯ ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದರೆ ಅದು ಕೀಲು. ತುದಿ ಏಳದೆ ತಂತಿ ಮಾತ್ರ ಬಿಗಿಯುತ್ತಾ ಹೋದರೆ ಅದು ಕೀಲಲ್ಲ, ಮೇಲಿನ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ.